ಕುರಿ ತರುಬಿಸುವ ಮುನ್ನ ಎರಡು ಒಪ್ಪಿಗೆ

ಸುಗ್ಗಿ ಮುಗಿಯುತ್ತಿದ್ದಂತೆ ನಮ್ಮ ಆಡೂರು ಸೀಮೆಗೆ ಕುರಿ ಹಿಂಡುಗಳು ಬರತೊಡಗುತ್ತವೆ. ಗದಗ, ಬಾಗಲಕೋಟೆ, ಬೆಳಗಾವಿ ಕಡೆಯ ಕುರಿಗಾರರು ಮಳೆಗಾಲವನ್ನು ತಮ್ಮ ಒಣ ಬಯಲಿನಲ್ಲೇ ಕಳೆಯುತ್ತಾರೆ. ನಮ್ಮ ಕಡೆಯ ಜಿಟಿಜಿಟಿ ಮಳೆ, ಕೆಸರು ಕುರಿಗೆ ಒಗ್ಗುವುದಿಲ್ಲ; ಗೊರಸು ಕೊಳೆಯುತ್ತದೆ, ಉಣ್ಣೆ ಆರುವುದಿಲ್ಲ. ಗೋವಿನಜೋಳ ಮುರಿದು, ಭತ್ತ ಕೊಯ್ದು ಹೊಲ ಖಾಲಿಯಾದ ಮೇಲೆ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರಿನತ್ತ ಮುಖ ಮಾಡುತ್ತಾರೆ. ಮುಂಗಾರಿನ ಮೊದಲ ಮಳೆ ಬೀಳುವ ಹೊತ್ತಿಗೆ ಮತ್ತೆ ತಮ್ಮ ಬಯಲಿಗೆ ತಿರುಗುತ್ತಾರೆ.

ಈ ನಡುವಿನ ತಿಂಗಳುಗಳಲ್ಲಿ ರೈತರಿಗೆ ಕುರಿ ಬೇಕು, ಕುರಿಗಾರರಿಗೆ ಹೊಲ ಬೇಕು. ರಾತ್ರಿ ಹಿಂಡನ್ನು ಹೊಲದಲ್ಲಿ ತರುಬಿದರೆ ಹಿಕ್ಕೆ, ಗಂಜಲ ಎರಡೂ ನೆಲಕ್ಕೆ ಇಳಿಯುತ್ತವೆ. ಹಗಲು ಕುರಿಗೆ ಕೂಳೆ, ಸೊಪ್ಪೆ, ಬದುವಿನ ಹುಲ್ಲು ಸಿಗುತ್ತದೆ. ಜಾನುವಾರು ಔಷಧಿ ಅಂಗಡಿ ನಡೆಸುವ ನನಗೆ ಇಬ್ಬರೂ ಗಿರಾಕಿಗಳು. ಒಬ್ಬರು ಎಮ್ಮೆಯ ಕೆಚ್ಚಲು ಬಾವಿಗೆ ಮದ್ದು ಕೇಳಲು ಬರುತ್ತಾರೆ, ಇನ್ನೊಬ್ಬರು ಜಂತಿನ ಔಷಧಿಗೆ ಬರುತ್ತಾರೆ. ಇವರನ್ನು ಅವರಿಗೆ, ಅವರನ್ನು ಇವರಿಗೆ ಪರಿಚಯಿಸುವ ಕೆಲಸ ಹಾಗಾಗಿ ನನ್ನ ಪಾಲಿಗೆ ಬಂದಿದೆ. ಇಬ್ಬರನ್ನೂ ಬೇರೆಬೇರೆಯಾಗಿ ಕೇಳಿ, ಇಬ್ಬರೂ ಹೂಂ ಎಂದ ಮೇಲೆಯೇ ನಂಬರು ಕೊಡುವುದು ನನ್ನ ಪದ್ಧತಿ. ಆ ಪದ್ಧತಿ ಕಲಿಸಿದ ಪಾಠಗಳನ್ನು, ಒಂದು ಜನವರಿಯಲ್ಲಿ ಕೂಡಿಬಂದ ಒಂದು ಪರಿಚಯದ ಜೊತೆಗಿಟ್ಟು ಇಲ್ಲಿ ಬರೆಯುತ್ತಿದ್ದೇನೆ.

1. ನಂಬರು ಕೇಳಿದವರನ್ನು ಮೊದಲು ಪೂರ್ತಿ ಕೇಳಬೇಕು

ಆಡೂರು ಮಗ್ಗುಲಿನ ರೈತರೊಬ್ಬರು ಅಂಗಡಿಗೆ ಬಂದು, "ಅಣ್ಣಾರ, ಆ ಗದಗ ಕಡೆ ಕುರಿಯವರ ನಂಬರ್ ಕೊಟ್ಟಬಿಡ್ರಿ, ನಾನ ಮಾತಾಡ್ತೀನಿ" ಎಂದರು.

"ಅವರನ್ನ ಕೇಳಿ ಹೇಳ್ತೀನ್ರಿ. ಅದಕ್ಕೂ ಮೊದಲ ನಿಮ್ಮ ಹೊಲದ್ದ ಎಲ್ಲಾ ಹೇಳ್ರಿ" ಎಂದು ಕೂರಿಸಿದೆ.

ಕುರಿಗಾರರು ಒಪ್ಪಬೇಕೋ ಬೇಡವೋ ಎಂದು ತೀರ್ಮಾನಿಸಲು ಬೇಕಾದುದನ್ನೆಲ್ಲ ರೈತರಿಂದ ಮೊದಲೇ ತಿಳಿದುಕೊಂಡಿರಬೇಕು. ವಿವರ ಕೊಡದೆ ಕೇಳಿದರೆ ಆ ಕಡೆಯವರು ಕೊಡುವ ಹೂಂ ನನ್ನ ಮೇಲಿನ ದಾಕ್ಷಿಣ್ಯಕ್ಕೆ ಕೊಟ್ಟ ಹೂಂ ಆಗುತ್ತದೆ. ಹೊಲ ಎಷ್ಟು, ಯಾವ ಬೆಳೆ ಕೊಯ್ದದ್ದು, ನೀರು ಎಷ್ಟು ದೂರ, ಅಕ್ಕಪಕ್ಕ ಏನಿದೆ, ಯಾವಾಗಿಂದ ಯಾವಾಗಿನವರೆಗೆ ಹೊಲ ಖಾಲಿ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ನಾನು ಇನ್ನೆರಡನ್ನು ಬಿಡದೆ ಕೇಳುತ್ತೇನೆ.

ಮೊದಲನೆಯದು ಬಿದ್ದ ತೆನೆ. ಗೋವಿನಜೋಳ ಮುರಿದ ಹೊಲದಲ್ಲಿ, ಅದರಲ್ಲೂ ರಾಶಿ ಮಾಡಿದ ಜಾಗದಲ್ಲಿ ಕಾಳು ಚೆಲ್ಲಿರುತ್ತದೆ. ಹಸಿದ ಕುರಿ ಅದನ್ನು ಗಬಗಬನೆ ಮೇಯ್ದರೆ ಹೊಟ್ಟೆಯೊಳಗೆ ಹುಳಿಯೇರುತ್ತದೆ. ಮೆಲುಕು ನಿಲ್ಲುತ್ತದೆ, ಎಡಹೊಟ್ಟೆ ಉಬ್ಬುತ್ತದೆ, ಹುಳಿ ವಾಸನೆಯ ನೀರುನೀರಾದ ಭೇದಿ ಶುರುವಾಗುತ್ತದೆ, ಕುರಿ ನಿಲ್ಲಲಾರದೆ ಮಲಗಿಬಿಡುತ್ತದೆ. ಆಮೇಲೆ ಡಾಕ್ಟರನ್ನು ಕರೆತಂದರೂ ಎಲ್ಲವನ್ನೂ ಉಳಿಸಿಕೊಳ್ಳಲಾಗುವುದಿಲ್ಲ.

ಎರಡನೆಯದು ವಿಷ. ಬದುವಿನ ಬಿಲಗಳಿಗೆ ಇಲಿ ಪಾಷಾಣ ಇಟ್ಟಿದ್ದಾರೆಯೇ, ಪಕ್ಕದ ಹೊಲದಲ್ಲಿ ಇನ್ನೂ ಹತ್ತಿ ನಿಂತಿದ್ದರೆ ಅದಕ್ಕೆ ಕೊನೆಯ ಸಲ ಎಣ್ಣೆ ಹೊಡೆದದ್ದು ಯಾವಾಗ, ಪಂಪು ತೊಳೆದ ನೀರು ಎಲ್ಲಿ ನಿಲ್ಲುತ್ತದೆ ಎಂದು ಕೇಳುತ್ತೇನೆ. ಈ ಪ್ರಶ್ನೆಗೆ "ಏನಿಲ್ಲ ಬಿಡ್ರಿ" ಎಂದು ತಟ್ಟನೆ ಬರುವ ಉತ್ತರವನ್ನು ನಾನು ಒಪ್ಪುವುದಿಲ್ಲ. ಒಮ್ಮೆ ಬದು ತಿರುಗಿ ನೋಡಿ ಬಂದು ಹೇಳಿ ಎನ್ನುತ್ತೇನೆ.

ಈ ರೈತರದು ನಾಲ್ಕು ಎಕರೆ ಗೋವಿನಜೋಳದ ಹೊಲ. ಕೊಳವೆಬಾವಿಯ ತೊಟ್ಟಿ ಹೊಲದಲ್ಲೇ ಇತ್ತು. ತೆನೆ ಅಲ್ಲಲ್ಲಿ ಬಿದ್ದಿತ್ತು. ಪಡುವಣ ಬದುವಿಗೆ ಹೊಂದಿಕೊಂಡು ಇನ್ನೊಬ್ಬರ ಅಡಿಕೆ ಸಸಿಗಳಿದ್ದವು, ಬೇಲಿ ಇರಲಿಲ್ಲ.

2. ಇಬ್ಬರ ಲಾಭವನ್ನೂ ನೆಲದ ಮೇಲೆ ಲೆಕ್ಕ ಹಾಕಿ ನೋಡಬೇಕು

"ನಾಲ್ಕೂ ಎಕರೆಗೆ ಕುರಿ ತರಬಸಬೇಕ್ರಿ" ಎಂಬುದು ರೈತರ ಆಸೆ. ನನ್ನ ಮನಸ್ಸಿನಲ್ಲಿದ್ದ ಹಿರಿಯ ಕುರಿಗಾರರ ಹಟ್ಟಿಯಲ್ಲಿ ಸುಮಾರು 600 ಕುರಿ. ಇಬ್ಬರಿಗೂ ಮಾತು ತಲುಪಿಸುವ ಮೊದಲು ಕಾಗದದ ಮೇಲೆ ಲೆಕ್ಕ ಮಾಡಿದೆ.

ರಾತ್ರಿ ಮಲಗಲು ಕುರಿಯೊಂದಕ್ಕೆ ಹೆಚ್ಚುಕಡಿಮೆ ಒಂದು ಚದರ ಮೀಟರು ಜಾಗ ಬೇಕು. ಗುಂಟೆ ಎಂದರೆ ಸುಮಾರು 100 ಚದರ ಮೀಟರು. ಅಲ್ಲಿಗೆ 600 ಕುರಿ ಒಂದು ರಾತ್ರಿಗೆ ಆರು ಗುಂಟೆ ತುಂಬುತ್ತವೆ. ಎಕರೆಗೆ 40 ಗುಂಟೆ. ದಿನಾ ಜಾಗ ಬದಲಿಸುತ್ತ ಹೋದರೆ ಒಂದು ಎಕರೆಗೆ ಏಳು ರಾತ್ರಿ. ದೊಡ್ಡ ಕುರಿಗೆ ರಾತ್ರಿ ಅರ್ಧ ಕಿಲೋ ಹಿಕ್ಕೆ ಎಂದು ಹಿಡಿದರೆ ದಿನಕ್ಕೆ ಮೂರು ಕ್ವಿಂಟಲ್, ಏಳು ರಾತ್ರಿಗೆ ಎರಡು ಟನ್ನು. ಕುರಿ ಗೊಬ್ಬರದಲ್ಲಿ ಸಾರಜನಕ ನೂರಕ್ಕೆ ಮೂರರ ಸುಮಾರಿಗೆ ಇರುತ್ತದೆ ಎಂದು ಕೃಷಿ ಪುಸ್ತಕಗಳು ಹೇಳುತ್ತವೆ. ತಿಪ್ಪೆಗೊಬ್ಬರದಲ್ಲಿ ಅದು ನೂರಕ್ಕೆ ಅರ್ಧದ ಆಸುಪಾಸು. ಮೇಲಾಗಿ ಗಂಜಲವೂ ಸಿಗುತ್ತದೆ, ಸಾಗಣೆಯ ಖರ್ಚಿಲ್ಲ.

ಇದು ರೈತರ ಲಾಭ. ಕುರಿಗಾರರ ಕಡೆಯ ಲೆಕ್ಕ ಬೇರೆ. 30 ಕಿಲೋ ತೂಗುವ ಕುರಿಗೆ ದಿನಕ್ಕೆ ಒಂದು ಕಿಲೋ ಒಣ ಮೇವಾದರೂ ಬೇಕು; 600 ಕುರಿಗೆ ಆರು ಕ್ವಿಂಟಲ್. ಈ ನಾಲ್ಕು ಎಕರೆಯ ಸೊಪ್ಪೆಯ ಬಹುಭಾಗವನ್ನು ರೈತರು ಎಮ್ಮೆಗೆಂದು ಬಣವೆ ಒಟ್ಟಿದ್ದರು. ಉಳಿದ ಕೂಳೆ, ಎಲೆ, ಬದುವಿನ ಹುಲ್ಲು ಏಳು ದಿನಕ್ಕೆ ಸಾಲುವುದಿಲ್ಲ. ಪಕ್ಕದ ಇಬ್ಬರು ತಮ್ಮ ಹೊಲದ ಕೂಳೆ ಮೇಯಲು ಬಿಟ್ಟರೆ ಮಾತ್ರ ಹಿಂಡು ನಿಲ್ಲುತ್ತದೆ.

ಹಾಗಾಗಿ ಕುರಿಗಾರರಿಗೆ ಫೋನು ಮಾಡುವ ಮೊದಲೇ ರೈತರಿಗೆ ಎರಡು ಮಾತು ಹೇಳಿದೆ. ನಾಲ್ಕು ಎಕರೆಯ ಆಸೆ ಬಿಟ್ಟು, ಇಳುವರಿ ಕಡಿಮೆಯಿರುವ ಒಂದು ಎಕರೆ ಆರಿಸಿಕೊಳ್ಳಿ. ಮೇವಿಗೆ ಮಗ್ಗುಲಿನವರನ್ನು ಒಪ್ಪಿಸಿಕೊಂಡು ಬನ್ನಿ. ಅವರು ಒಪ್ಪಿಸಿಕೊಂಡು ಬಂದರು. ಬಾರದಿದ್ದರೆ ಆ ಪರಿಚಯವನ್ನು ನಾನು ಅಲ್ಲಿಗೇ ಕೈಬಿಡುತ್ತಿದ್ದೆ. ಒಬ್ಬರಿಗೆ ಗೊಬ್ಬರ, ಇನ್ನೊಬ್ಬರಿಗೆ ಹಸಿದ ಹಿಂಡು ಎಂಬಂತಾದರೆ ಮೂರನೆಯ ದಿನವೇ ಜಗಳ.

3. ಕುರಿಗಾರರ ನಂಬರು ಕೊಟ್ಟರೆ ಹಟ್ಟಿಯ ಜಾಗವನ್ನೇ ಕೊಟ್ಟಂತೆ

ಊರಿನ ಅಂಗಡಿಕಾರರ ನಂಬರು ಬೋರ್ಡಿನ ಮೇಲೇ ಇರುತ್ತದೆ. ಕುರಿಗಾರರದು ಹಾಗಲ್ಲ. ಅವರ ಇಡೀ ಆಸ್ತಿ ಬಯಲಲ್ಲಿ, ಬಾಗಿಲಿಲ್ಲದ ಜಾಗದಲ್ಲಿ ಮಲಗಿರುತ್ತದೆ. ಕಾವಲಿಗೆ ನಾಯಿಗಳು ಮತ್ತು ಕಂಬಳಿ ಹೊದ್ದು ಎಚ್ಚರವಿರುವ ಒಬ್ಬಿಬ್ಬರು ಅಷ್ಟೇ. ರಾತ್ರಿ ವಾಹನ ತಂದು ಕುರಿ ಕದ್ದೊಯ್ಯುವವರ ಭಯ ಅವರಿಗೆ ದಿನನಿತ್ಯದ್ದು. ಹೆಂಗಸರು, ಮಕ್ಕಳು ಹಟ್ಟಿಯ ಜೊತೆಯಲ್ಲೇ ಇರುತ್ತಾರೆ. ಇವತ್ತು ಹಟ್ಟಿ ಎಲ್ಲಿದೆ, ನಾಳೆ ಎತ್ತ ಹೋಗುತ್ತದೆ ಎಂಬುದು ಗೊತ್ತಿಲ್ಲದವರ ಕಿವಿಗೆ ಬೀಳಬಾರದು. ಆದ್ದರಿಂದ ರೈತರು ಎಷ್ಟೇ ಒಳ್ಳೆಯವರಿರಲಿ, ನನಗೆ ಎಷ್ಟೇ ಹತ್ತಿರದವರಿರಲಿ, ಆ ಕಡೆಯ ಒಪ್ಪಿಗೆಯಿಲ್ಲದೆ ನಂಬರನ್ನೂ ಹೇಳುವುದಿಲ್ಲ, ಹಟ್ಟಿ ಇಳಿದಿರುವ ಊರನ್ನೂ ಹೇಳುವುದಿಲ್ಲ.

ಕೇಳುವ ರೀತಿಯೂ ಮುಖ್ಯ. ರೈತರನ್ನು ಎದುರಿಗೆ ಕೂರಿಸಿಕೊಂಡು ಸ್ಪೀಕರ್ ಹಾಕಿ ಕೇಳಿದರೆ ಕುರಿಗಾರರಿಗೆ ಒಲ್ಲೆ ಎನ್ನಲು ದಾರಿಯೇ ಇರುವುದಿಲ್ಲ. ಸಂಜೆ ಹಿಂಡು ಕೂಡಿ, ಮರಿಗಳಿಗೆ ಹಾಲು ಕುಡಿಸಿ ಬಲೆಯೊಳಗೆ ಬಿಟ್ಟಾದ ಮೇಲೆ, ನಾನೊಬ್ಬನೇ ಇದ್ದಾಗ ಫೋನು ಮಾಡುತ್ತೇನೆ. ಆ ದಿನ ಹೇಳಿದ್ದು ಇಷ್ಟು:

"ಕಾಕಾ, ಆಡೂರ ಮಗ್ಗಲ ಗೋವಿನಜೋಳದ ಹೊಲ ಐತ್ರಿ. ಒಂದ ಎಕರೆಕ್ಕ ತರಬಬೇಕಂತ, ಏಳ ರಾತ್ರಿ. ಮೇವಿಗೆ ಬಾಜೂದವರ ಎರಡ ಹೊಲಾನೂ ಬಿಡ್ತಾರ. ನೀರ ಹೊಲದಾಗ ಐತಿ. ತೆನಿ ಅಲ್ಲಲ್ಲಿ ಬಿದ್ದಾವು. ಪಡುವಣ ಕಡೆ ಬ್ಯಾರೆಯವರ ಅಡಿಕಿ ಸಸಿ ಅದಾವು, ಬೇಲಿ ಇಲ್ಲ. ನಿಮಗ ಆಗ್ತದಂದ್ರ ನಂಬರ್ ಕೊಡ್ತೀನಿ. ಆಗೂದಿಲ್ಲಂದ್ರ ಇಲ್ಲಿಗೇ ಬಿಡೂಣು, ನಾನ ಹೇಳ್ಕೋತೀನಿ."

ತೊಂದರೆಯ ಸಂಗತಿಗಳನ್ನು ಲಾಭದ ಜೊತೆಯಲ್ಲೇ ಹೇಳಬೇಕು. ಅಡಿಕೆ ಸಸಿಯ ಮಾತನ್ನು ನಾನು ಆಗ ಮುಚ್ಚಿಟ್ಟಿದ್ದರೆ ಅವರ ಹೂಂಗೆ ಬೆಲೆ ಇರುತ್ತಿರಲಿಲ್ಲ. ಅವರು ಕೂಡಲೇ ಉತ್ತರ ಹೇಳಲಿಲ್ಲ. ಅಣ್ಣತಮ್ಮಂದಿರನ್ನು ಕೇಳಿ ನಾಳೆ ಹೇಳುತ್ತೇನೆ ಎಂದರು. ಹಟ್ಟಿ ಎಂದರೆ ನಾಲ್ಕಾರು ಮನೆಯವರ ಕುರಿ ಕೂಡಿದ್ದು, ಹಿರಿಯರೊಬ್ಬರೇ ತೀರ್ಮಾನಿಸುವುದಿಲ್ಲ. ಭಾರತ ಹುಣ್ಣಿಮೆಯ ಹೊತ್ತಿಗೆ ಮೈಲಾರದ ಜಾತ್ರೆಗೆ ಹಲವರು ಹೋಗಿಬಿಡುತ್ತಾರೆ. ಆಗ ಹಟ್ಟಿಯಲ್ಲಿರುವ ಹುಡುಗರು ಹೂಂ ಎಂದರೂ ಹಿರಿಯರು ಬರುವವರೆಗೆ ಕಾಯುತ್ತೇನೆ.

ಮರುದಿನ ಒಪ್ಪಿಗೆ ಬಂತು, ಎರಡು ಷರತ್ತಿನ ಜೊತೆ. ಹಿಂಡು ಬರುವ ಮೊದಲು ಬಿದ್ದ ತೆನೆ ಆಯಬೇಕು. ಅಡಿಕೆಯವರಿಗೆ ರೈತರೇ ಮೊದಲು ಹೇಳಿರಬೇಕು.

4. ರೈತರನ್ನು ಎರಡನೆಯ ಸಲ ಕೇಳಬೇಕು

ನಂಬರು ಬೇಕೆಂದು ತಾವೇ ಬಂದವರನ್ನು ಮತ್ತೆ ಕೇಳುವುದೇನು ಎಂದು ಅನಿಸಬಹುದು. ಅವರು ಕೇಳಿದ್ದು ಕುರಿ ಗೊಬ್ಬರವನ್ನು, ಬರುತ್ತಿರುವುದು ಹಟ್ಟಿ. 600 ಕುರಿಯ ಜೊತೆ ನಾಯಿಗಳು, ಸಾಮಾನು ಹೊರುವ ಕುದುರೆಗಳು, ಒಲೆ ಹೂಡುವ ಸಂಸಾರಗಳು ಬರುತ್ತವೆ. ಉರುವಲು, ಕುಡಿಯುವ ನೀರು, ಫೋನು ಚಾರ್ಜು ಮಾಡಲು ಒಂದು ಪ್ಲಗ್ಗು ಬೇಕಾಗುತ್ತದೆ. ಬಳ್ಳಾರಿ ಜಾಲಿಯ ಕಾಯಿ ಮೇಯ್ದು ಬಂದ ಹಿಂಡಾದರೆ ಹಿಕ್ಕೆಯಲ್ಲಿ ಬೀಜ ಉಳಿದು ಮಳೆಗೆ ಮೊಳೆಯುತ್ತವೆ. ಮೊದಲ ಎಡೆ ಹೊಡೆಯುವಾಗಲೇ ಅವನ್ನು ಕಿತ್ತುಹಾಕಬೇಕು. ಇಷ್ಟನ್ನೂ, ಕುರಿಗಾರರ ಎರಡು ಷರತ್ತನ್ನೂ ರೈತರ ಮುಂದಿಟ್ಟು, "ಈಗ ಹೇಳ್ರಿ, ನಿಮ್ಮ ನಂಬರ್ ಅವರಿಗೆ ಕೊಡ್ಲೇನು?" ಎಂದು ಕೇಳುತ್ತೇನೆ.

ಇಲ್ಲಿ ಇನ್ನೊಂದು ಪ್ರಶ್ನೆ ಇದೆ, ಅದನ್ನು ಮೆಲ್ಲಗೆ ಕೇಳಬೇಕು: ಆ ಎಕರೆ ಯಾರದು? ನಮ್ಮ ಕಡೆ ಲಾವಣಿ ಹೊಲ, ಪಾಲಿನ ಹೊಲ ಬಹಳ. ಈ ರೈತರ ನಾಲ್ಕರಲ್ಲಿ ಒಂದು ಎಕರೆ ಲಾವಣಿಯದು, ಅವರು ಕುರಿ ತರುಬಿಸಲು ಮೊದಲು ಆರಿಸಿದ್ದು ಅದೇ ಎಕರೆಯನ್ನು. ಲಾವಣಿಯ ಅವಧಿ ಯುಗಾದಿಗೆ ಮುಗಿಯುತ್ತಿತ್ತು. ಗೊಬ್ಬರಕ್ಕೆ ದುಡ್ಡು ಕೊಟ್ಟು, ಫಸಲು ಬೇರೆಯವರದಾದರೆ? ಹೊಲದ ಮಾಲೀಕರ ಜೊತೆ ಮಾತಾಡಿ ಬನ್ನಿ ಎಂದೆ. ಅವರು ಮಾತಾಡಿ, ಕೊನೆಗೆ ತಮ್ಮ ಸ್ವಂತ ಹೊಲದ ಮೇಲಿನ ಎಕರೆಯನ್ನೇ ಆರಿಸಿಕೊಂಡರು. ಅಡಿಕೆಯವರಿಗೂ ಹೇಳಿ ಬಂದರು. ಆ ಬದುವಿನ ಉದ್ದಕ್ಕೂ ಹಗಲು ಒಬ್ಬ ಹುಡುಗನನ್ನು ನಿಲ್ಲಿಸುವುದೆಂದು ಮಾತಾಯಿತು. ಒಪ್ಪಿಗೆಯನ್ನು ಒಪ್ಪುವ ಹಕ್ಕಿದ್ದವರಿಂದಲೇ ಪಡೆದರೆ ಮುಂದಿನ ಅರ್ಧ ತಕರಾರು ಹುಟ್ಟುವುದೇ ಇಲ್ಲ.

5. ಪರಿಚಯಿಸುವ ಮಾತು ಚಿಕ್ಕದಿರಲಿ, ದರದ ಮಾತು ಅವರದೇ ಇರಲಿ

ಎರಡೂ ಕಡೆಯಿಂದ ಹೂಂ ಬಂದ ಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಇಬ್ಬರಿಗೂ ಒಂದೇ ಧ್ವನಿ ಸಂದೇಶ ಕಳಿಸುತ್ತೇನೆ. ಓದುವುದಕ್ಕಿಂತ ಕೇಳುವುದು ಇಬ್ಬರಿಗೂ ಸಲೀಸು. ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಇನ್ನೊಂದು ಹೇಳಿದ ಅನುಮಾನಕ್ಕೂ ಎಡೆಯಿರುವುದಿಲ್ಲ. ಅದರಲ್ಲಿ ನಾಲ್ಕೇ ಸಂಗತಿ: ಇವರು ಯಾರು, ಅವರು ಯಾರು, ಇಲ್ಲಿಯವರೆಗೆ ಒಪ್ಪಿದ್ದು ಏನು, ಮೊದಲು ಫೋನು ಮಾಡುವವರು ಯಾರು ಮತ್ತು ಯಾವ ಹೊತ್ತಿಗೆ. ಹಟ್ಟಿಯವರ ಫೋನು ಹಗಲು ಬಂದ್ ಇರುವುದೇ ಹೆಚ್ಚು. ಆದ್ದರಿಂದ ರೈತರೇ ಸಂಜೆ ಏಳರ ಮೇಲೆ ಮಾಡಲಿ ಎಂದು ಹೇಳುತ್ತೇನೆ. ಇದನ್ನು ಹೇಳದೆ ಬಿಟ್ಟರೆ ಇಬ್ಬರೂ ಇನ್ನೊಬ್ಬರ ಫೋನಿಗೆ ಕಾಯುತ್ತ ಕೂರುತ್ತಾರೆ.

ಅಲ್ಲಿಂದ ಮುಂದೆ ನಾನಿಲ್ಲ. ಮುಖ್ಯವಾಗಿ ದರದಲ್ಲಿಲ್ಲ. ಕೆಲವೆಡೆ ರಾತ್ರಿಗೆ ಇಷ್ಟು ಎಂದು ರೈತರು ದುಡ್ಡು ಕೊಡುತ್ತಾರೆ, ಕೆಲವೆಡೆ ಕಾಳು ಅಳೆಯುತ್ತಾರೆ, ಕೆಲವೆಡೆ ಎರಡೂ. ಮೇವು ಸಮೃದ್ಧವಾಗಿರುವ ಹೊಲವಾದರೆ ಕುರಿಗಾರರೇ ಹೊಲದವರಿಗೆ ದುಡ್ಡು ಕೊಟ್ಟು ಮೇಯಿಸುವುದೂ ಉಂಟು. ದುಡ್ಡು ಯಾವ ಕಡೆಯಿಂದ ಯಾವ ಕಡೆಗೆ ಹೋಗಬೇಕು ಎಂಬುದು ಆ ವರ್ಷದ ಮೇವು, ಹಿಂಡುಗಳ ಸಂಖ್ಯೆ, ಗೊಬ್ಬರದ ಗರಜಿನ ಮೇಲೆ ನಿಂತಿರುತ್ತದೆ. ನಡುವಿನವನು ಒಂದು ಅಂಕಿ ಹೇಳಿದರೆ ಒಬ್ಬರಿಗೆ ಅದು ಮೋಸವಾಗಿ ಕಾಣುತ್ತದೆ. ಕಮಿಷನ್ನನ್ನೂ ಮುಟ್ಟುವುದಿಲ್ಲ, ಮುಟ್ಟಿದರೆ "ಇದು ನಿಮಗೆ ಬೇಡ" ಎಂದು ಹೇಳುವ ಸ್ವಾತಂತ್ರ್ಯ ಹೋಗುತ್ತದೆ.

ನಮ್ಮ ಈ ಇಬ್ಬರು ಸ್ವಲ್ಪ ದುಡ್ಡು, ಸ್ವಲ್ಪ ಗೋವಿನಜೋಳ ಎಂದು ಮಾತು ಮುಗಿಸಿದರು. ರೈತರ ಮನೆಯವರು ತೆನೆ ಆಯ್ದರು. ಅಷ್ಟಾದರೂ ರಾಶಿ ಮಾಡಿದ ಕಣದ ಸುತ್ತ ಕುರಿಗಾರರು ಹಿಂಡನ್ನು ಬಿಡಲಿಲ್ಲ. ಬೆಳಿಗ್ಗೆ ಮಗ್ಗುಲಿನ ಹೊಲದ ಒಣಮೇವಿನಿಂದ ಹೊಟ್ಟೆ ತುಂಬಿಸಿ, ಮಧ್ಯಾಹ್ನದ ಮೇಲಷ್ಟೇ ಗೋವಿನಜೋಳದ ಹೊಲಕ್ಕೆ ಇಳಿಸಿದರು.

6. ಒಲ್ಲೆ ಎಂದವರ ಕಾರಣ ನನ್ನಲ್ಲೇ ಉಳಿಯಬೇಕು

ಎಲ್ಲ ಪರಿಚಯವೂ ಹೀಗೆ ಕೂಡಿಬರುವುದಿಲ್ಲ. ಕುರಿಗಾರರು ಒಲ್ಲೆ ಎನ್ನಲು ಹಲವು ಕಾರಣ: ಆ ಊರಿನಲ್ಲಿ ಹಿಂದೆ ದುಡ್ಡು ಬಾಕಿ ಉಳಿದಿರಬಹುದು, ಹಿಂಡಿನಲ್ಲಿ ಬೇನೆ ಬಿದ್ದಿರಬಹುದು, ಮನೆಯಲ್ಲಿ ಬಾಣಂತಿ ಇರಬಹುದು. ಇವೆಲ್ಲ ನನ್ನನ್ನು ನಂಬಿ ಹೇಳಿದ ಮಾತು. ರೈತರಿಗೆ ನಾನು ಹೇಳುವುದು, "ಈ ಸಲ ಅವರಿಗೆ ಆಗೂದಿಲ್ಲಂತ್ರಿ" ಎಂದಷ್ಟೇ. ಸುಳ್ಳು ಕಾರಣವನ್ನೂ ಹೊಸೆಯುವುದಿಲ್ಲ. ಅವರು ಬೇರೆ ಕಡೆ ಹೋಗಿದ್ದಾರೆ ಎಂದು ಹೇಳಿದರೆ, ನಾಳೆ ಸಂತೆಯಲ್ಲಿ ಇಬ್ಬರೂ ಎದುರಾದಾಗ ಮೂವರ ಮುಖವೂ ಸಣ್ಣದಾಗುತ್ತದೆ.

ಒಂದೇ ಒಂದು ಸಂಗತಿಯನ್ನು ಮಾತ್ರ ಅಷ್ಟಕ್ಕೇ ಬಿಡುವುದಿಲ್ಲ. ಹಿಂಡಿನಲ್ಲಿ ಅಂಟುಬೇನೆ ಇದೆಯೆಂದು ಗೊತ್ತಾದರೆ, ಮೊದಲು ಪಶು ಆಸ್ಪತ್ರೆಗೆ ತೋರಿಸಿ ಎಂದು ಕುರಿಗಾರರಿಗೇ ಹೇಳುತ್ತೇನೆ. ವಾಸಿಯಾಗುವವರೆಗೆ ಆ ಹಿಂಡನ್ನು ಯಾರ ಹೊಲಕ್ಕೂ ಹೊಂದಿಸಿ ಕೊಡುವುದಿಲ್ಲ.

7. ಒಂದು ಒಪ್ಪಿಗೆ ಒಂದು ಹೊಲಕ್ಕೆ, ಒಂದು ಹಂಗಾಮಿಗೆ

ಹಿಂಡು ಇಳಿದ ಎರಡು ಮೂರು ದಿನಕ್ಕೆ ಇಬ್ಬರಿಗೂ ಒಂದೊಂದು ಫೋನು ಮಾಡಿ ವಿಚಾರಿಸುತ್ತೇನೆ. ತಪ್ಪೇನಾದರೂ ನಡೆಯುತ್ತಿದ್ದರೆ ಆ ಹೊತ್ತಿಗೆ ಕಾಣಿಸಿಕೊಂಡಿರುತ್ತದೆ: ಕುರಿ ಮೆಲುಕು ಹಾಕುತ್ತಿಲ್ಲ ಎಂದು ಆ ಕಡೆಯಿಂದ, ಹಟ್ಟಿ ದಿನಾ ಒಂದೇ ಜಾಗದಲ್ಲಿ ಮಲಗುತ್ತಿದೆ ಎಂದು ಈ ಕಡೆಯಿಂದ. ಒಂದೇ ಜಾಗದಲ್ಲಿ ಗೊಬ್ಬರ ದಪ್ಪಗೆ ಬಿದ್ದರೆ ಅಲ್ಲಿ ಬೆಳೆ ಸೊಕ್ಕಿ ಬೀಳುತ್ತದೆ, ಉಳಿದ ಕಡೆ ಏನೂ ಸಿಗುವುದಿಲ್ಲ. ರೈತರಿಗೆ ಆಗ ಹೇಳುವ ಮಾತು ಒಂದೇ: ಹಿಂಡು ಜಾಗ ಬಿಟ್ಟ ಮರುದಿನವೇ ಮೇಲೆಮೇಲೆ ಹರಗಿಬಿಡಿ. ಬಿಸಿಲಿಗೆ ಬಿಟ್ಟರೆ ಗಂಜಲದ ಸತ್ವ ಗಾಳಿಗೆ ಹಾರಿಹೋಗುತ್ತದೆ.

ಆ ಏಳು ರಾತ್ರಿ ಮುಗಿಯುವ ಮೊದಲೇ ಮೇವು ಬಿಟ್ಟುಕೊಟ್ಟಿದ್ದ ಮಗ್ಗುಲಿನವರಲ್ಲಿ ಒಬ್ಬರು ತಮ್ಮ ಹೊಲಕ್ಕೂ ಕುರಿ ಬೇಕೆಂದು ಕೇಳಿದರು. ನಂಬರು ಮೊದಲ ರೈತರ ಕೈಯಲ್ಲಿತ್ತು, ಹಿಂಡು ಕಣ್ಣಮುಂದೆಯೇ ಇತ್ತು. ಆದರೂ ಆ ರೈತರು ನಂಬರು ಕೊಡದೆ, ಸಂಜೆ ಹಟ್ಟಿಗೆ ಹೋಗಿ, "ಕಾಕಾ, ಇವರಿಗೂ ಬೇಕಂತ. ಹೇಳ್ಲೇನು, ಬ್ಯಾಡೇನು?" ಎಂದು ಕೇಳಿದರಂತೆ. ಕುರಿಗಾರರು ಆ ಹೊಲವನ್ನು ನೋಡಿ, ಮೂರು ರಾತ್ರಿಗೆ ಒಪ್ಪಿದರು. ಈಗ ಸುಗ್ಗಿಯ ಹೊತ್ತಿಗೆ ಆ ಇಬ್ಬರು ರೈತರು ಮತ್ತು ಆ ಹಟ್ಟಿಯವರು ನೇರವಾಗಿ ಮಾತಾಡಿಕೊಳ್ಳುತ್ತಾರೆ, ನನ್ನ ಅಗತ್ಯ ಅವರಿಗಿಲ್ಲ. ಬೇರೆ ಯಾರಾದರೂ ಅದೇ ಹಟ್ಟಿಯ ನಂಬರು ಕೇಳಿಕೊಂಡು ನನ್ನ ಅಂಗಡಿಗೆ ಬಂದರೆ, ಹಿಂದಿನ ವರ್ಷದ ಹೂಂ ಈ ವರ್ಷಕ್ಕೆ ನಡೆಯುವುದಿಲ್ಲ. ಹೊಲದ ವಿವರ ಮೊದಲಿಂದ ಬರೆದುಕೊಂಡು, ಸಂಜೆ ಮತ್ತೆ ಫೋನು ಮಾಡಿ ಕೇಳುತ್ತೇನೆ.